ಎರವಲು ಹೋದ ಪುಸ್ತಕ ಹುಡುಕಾಟಕ್ಕೆ ಸಿಗದಾದದ್ದು: ಗ್ರಂಥಾಲಯ ಯೋಜನೆ, ಆರನೆಯ ವಾರ

ಬಡಾವಣೆಯ ಗ್ರಂಥಾಲಯದ 6,400 ಪುಸ್ತಕಗಳ ಪಟ್ಟಿ ಈಗ ಪೋಸ್ಟ್‌ಗ್ರೆಸ್‌ನಲ್ಲಿದೆ. ಹುಡುಕಾಟಕ್ಕೆ ಎಲಾಸ್ಟಿಕ್‌ಸರ್ಚ್, ಯಾರು ಏನು ಓದುತ್ತಾರೆ ಎಂಬ ಲೆಕ್ಕಕ್ಕೆ ಕ್ಲಿಕ್‌ಹೌಸ್. ಮೂರೂ ಕಡೆಗೆ ನನ್ನ ಪ್ರೋಗ್ರಾಮೇ ನೇರವಾಗಿ ಬರೆಯುವ ಪ್ರಯೋಗವನ್ನು ಮೊದಲ ವಾರವೇ ಕೈಬಿಟ್ಟಿದ್ದೆ. ಒಂದು ಕಡೆ ಬರೆದು ಇನ್ನೊಂದು ಕಡೆ ತಪ್ಪಿದರೆ, ತಪ್ಪಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಈಗ ಬರೆಯುವುದು ಪೋಸ್ಟ್‌ಗ್ರೆಸ್‌ಗೆ ಮಾತ್ರ. ಅದು ಪ್ರತಿ ಬದಲಾವಣೆಯನ್ನೂ ತನ್ನ ದಿನಚರಿಯಲ್ಲಿ, ಅಂದರೆ ವಾಲ್‌ನಲ್ಲಿ, ಮೊದಲು ಬರೆದಿಡುತ್ತದೆ. ಡೆಬೀಜಿಯಂ ಆ ದಿನಚರಿಯನ್ನು ಓದಿ ಕಾಫ್ಕಾ ಎಂಬ ಸಂದೇಶಗಳ ಸರದಿಗೆ ಹಾಕುತ್ತದೆ. ಅಲ್ಲಿಂದ ನನ್ನ ಎರಡು ಪುಟ್ಟ ಪೈಥಾನ್ ಪ್ರೋಗ್ರಾಮುಗಳು ಎತ್ತಿಕೊಂಡು ಒಂದು ಹುಡುಕಾಟಕ್ಕೂ ಇನ್ನೊಂದು ಲೆಕ್ಕಕ್ಕೂ ಒಯ್ಯುತ್ತವೆ.

ಹೋದ ವಾರದವರೆಗೆ ಎಲ್ಲವೂ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನಡೆಯುತ್ತಿತ್ತು. ಭಾನುವಾರ ಗ್ರಂಥಾಲಯ ನೋಡಿಕೊಳ್ಳುವ ಮೇಷ್ಟ್ರು ಫೋನ್ ಮಾಡಿದರು. "ಏನಪ್ಪಾ, ಜನ ಕೇಳುವ ಪುಸ್ತಕಗಳೇ ನಿನ್ನ ಹುಡುಕಾಟದಲ್ಲಿ ಬರುವುದಿಲ್ಲ. ಧೂಳು ಹಿಡಿದು ಕೂತಿರುವುದೆಲ್ಲ ಸರಿಯಾಗಿ ಬರುತ್ತದೆ!"

ಮೇಷ್ಟ್ರು ತಮಾಷೆಗೆ ಹೇಳಿದ್ದಾರೆಂದುಕೊಂಡೆ. ಆದರೆ ದೋಷದ ಗುಟ್ಟು ಇದ್ದದ್ದೇ ಆ ಮಾತಿನಲ್ಲಿ. ಎರವಲು ಹೋದಾಗಲೆಲ್ಲ ಪುಸ್ತಕದ ಸಾಲಿನಲ್ಲಿ ಉಳಿದ ಪ್ರತಿಗಳ ಸಂಖ್ಯೆ ಬದಲಾಗುತ್ತದೆ. ಹಾಗೆ ಬದಲಾದ ಪುಸ್ತಕಗಳು ಶೀರ್ಷಿಕೆಯಿಂದ ಸಿಗುತ್ತಿದ್ದವು, ವಿವರಣೆಯಲ್ಲಿರುವ ಪದಗಳಿಂದ ಸಿಗುತ್ತಿರಲಿಲ್ಲ. ಕಾಫ್ಕಾದಿಂದ ಅಂಥದ್ದೊಂದು ಸಂದೇಶವನ್ನು ತೆಗೆದು ನೋಡಿದೆ:

```json
"after": {
  "id": 2117,
  "ulida_prati": 1,
  "vivarane": "__debezium_unavailable_value"
}
```

ನನ್ನ ಪ್ರೋಗ್ರಾಮು ಇದನ್ನೇ ಪುಸ್ತಕದ ವಿವರಣೆಯೆಂದು ನಂಬಿ, ಹಳೆಯ ಒಳ್ಳೆಯ ವಿವರಣೆಯ ಮೇಲೆ ಬರೆದುಬಿಟ್ಟಿತ್ತು. ಎಲಾಸ್ಟಿಕ್‌ಸರ್ಚ್‌ನಲ್ಲಿ ಈ ಪದವನ್ನೇ ಹುಡುಕಿದೆ. 143 ಪುಸ್ತಕಗಳು ಸಿಕ್ಕವು.

ಕಾರಣ ಪೋಸ್ಟ್‌ಗ್ರೆಸ್ ಉದ್ದದ ಮಾತುಗಳನ್ನು ಇಡುವ ರೀತಿಯಲ್ಲಿದೆ. ಒಂದು ಸಾಲು ಸುಮಾರು 2 ಕೆಬಿ ಮೀರಿದರೆ ಅದು ಮೊದಲು ಉದ್ದದ ಅಂಕಣವನ್ನು ಒತ್ತಿ ಚಿಕ್ಕದು ಮಾಡುತ್ತದೆ. ಅಷ್ಟಕ್ಕೂ ಹಿಡಿಸದಿದ್ದರೆ ಅದನ್ನು ಟೋಸ್ಟ್ ಎಂಬ ಪಕ್ಕದ ಟೇಬಲ್‌ಗೆ ಸಾಗಿಸಿ, ಸಾಲಿನಲ್ಲಿ ವಿಳಾಸವನ್ನಷ್ಟೇ ಇಡುತ್ತದೆ. ಪ್ರತಿಗಳ ಸಂಖ್ಯೆ ಮಾತ್ರ ಬದಲಾದಾಗ ಆ ಪಕ್ಕದ ಟೇಬಲ್ಲನ್ನು ಅದು ಮುಟ್ಟುವುದೇ ಇಲ್ಲ. ಮುಟ್ಟದ್ದು ವಾಲ್‌ಗೂ ಹೋಗುವುದಿಲ್ಲ. ವಾಲ್‌ನಲ್ಲಿ ಇಲ್ಲದ್ದನ್ನು ಡೆಬೀಜಿಯಂ ಎಲ್ಲಿಂದ ತಂದೀತು? ಆ ಜಾಗದಲ್ಲಿ ಮೇಲಿನ ಗುರುತನ್ನು ಇಡುತ್ತದೆ, ಅಷ್ಟೇ.

ಕನ್ನಡ ಬರೆಯುವವರಿಗೆ ಈ ಮಿತಿ ಬೇಗ ಎದುರಾಗುತ್ತದೆ. ಯುಟಿಎಫ್-8ರಲ್ಲಿ ನಮ್ಮ ಪ್ರತಿ ಅಕ್ಷರಕ್ಕೂ, ಪ್ರತಿ ಸ್ವರಚಿಹ್ನೆಗೂ 3 ಬೈಟ್ ಬೇಕು. ಇಂಗ್ಲಿಷ್ ವಿವರಣೆ ಬರೆದು ಪರೀಕ್ಷಿಸಿದ್ದಾಗ ಈ ದೋಷ ನನಗೆ ಒಮ್ಮೆಯೂ ಕಾಣಿಸಿರಲಿಲ್ಲ. ಎರಡು ಪುಸ್ತಕಗಳನ್ನು ಅಳೆದು ನೋಡಿದೆ:

```sql
SELECT id, octet_length(vivarane), pg_column_size(vivarane)
FROM books WHERE id IN (2117, 2118);
```

2117ರ ವಿವರಣೆ 5,214 ಬೈಟ್, ಒತ್ತಿದ ಮೇಲೂ 2,391. ಅದು ಹೊರಗೆ ಹೋಗಿತ್ತು. 2118ರದ್ದು 3,102 ಬೈಟ್ ಇದ್ದರೂ ಒತ್ತಿದ ಮೇಲೆ 1,480ಕ್ಕೆ ಇಳಿದು ಸಾಲಿನೊಳಗೇ ಉಳಿದಿತ್ತು. ಎರಡನೆಯದು ಎಷ್ಟು ಸಲ ಎರವಲು ಹೋದರೂ ಹುಡುಕಾಟಕ್ಕೆ ಸಿಗುತ್ತಲೇ ಇತ್ತು.

ಮೊದಲ ರಿಪೇರಿ ಕೈಕೊಟ್ಟಿತು. ವಿವರಣೆಯನ್ನು ಅದರ ಮೇಲೆಯೇ ಮತ್ತೊಮ್ಮೆ ಬರೆದರೆ ಸಾಕೆಂದುಕೊಂಡು `SET vivarane = vivarane` ಎಂದು ಓಡಿಸಿದೆ. ಮತ್ತೆ ಅದೇ ಗುರುತು ಬಂತು. ಪೋಸ್ಟ್‌ಗ್ರೆಸ್ ಇಲ್ಲಿ ಹಳೆಯ ವಿಳಾಸವನ್ನೇ ಹೊಸ ಸಾಲಿಗೂ ನಕಲು ಮಾಡುತ್ತದೆ, ಪಠ್ಯವನ್ನು ಬಿಚ್ಚುವುದೇ ಇಲ್ಲ. `vivarane || ''` ಎಂದು ಖಾಲಿ ಪದವೊಂದನ್ನು ಅಂಟಿಸಿದಾಗ ಮಾತ್ರ ಅದು ಹೊಸ ಪಠ್ಯವೆಂದು ಒಪ್ಪಿ ಪೂರ್ತಿ ಬರೆಯಿತು. ಅದು ಆ ಹೊತ್ತಿಗೆ ಸರಿ. ಮುಂದಿನ ಎರವಲಿಗೆ ವಿವರಣೆ ಮತ್ತೆ ಮಾಯ.

ಸರಿಯಾದ ದಾರಿಗಳು ಎರಡಿದ್ದವು. ಗುರುತು ಕಂಡ ಅಂಕಣವನ್ನು ಬಿಟ್ಟು ಉಳಿದದ್ದನ್ನಷ್ಟೇ ಎಲಾಸ್ಟಿಕ್‌ಸರ್ಚ್‌ನಲ್ಲಿ ತಿದ್ದುವುದು ಮೊದಲನೆಯದು. ಅಗ್ಗದ ದಾರಿ, ನನಗೂ ಅದೇ ಇಷ್ಟವಾಗಿತ್ತು. ಆದರೆ ನಾನು ನಾಲ್ಕು ಥ್ರೆಡ್‌ಗಳಲ್ಲಿ ಒಟ್ಟಿಗೆ ಬರೆಯುತ್ತೇನೆ. ಒಂದೇ ಪುಸ್ತಕದ ಎರಡು ಬದಲಾವಣೆಗಳು ಹಿಂದುಮುಂದಾಗಿ ತಲುಪಿದರೆ ಹಳೆಯದು ಹೊಸದನ್ನು ಅಳಿಸಬಾರದೆಂದು, ವಾಲ್‌ನಲ್ಲಿ ಆ ಬದಲಾವಣೆ ಇರುವ ಸ್ಥಾನದ ಸಂಖ್ಯೆಯನ್ನೇ, ಅಂದರೆ ಎಲ್‌ಎಸ್‌ಎನ್ ಅನ್ನೇ, ಆವೃತ್ತಿಯಾಗಿ ಕೊಡುತ್ತೇನೆ (`version_type=external`). ಹಳೆಯದು ತಡವಾಗಿ ಬಂದರೆ 409 ಎಂದು ತಿರಸ್ಕೃತವಾಗುತ್ತದೆ. ಈ ಕಾವಲು ಇಡೀ ದಾಖಲೆಯನ್ನು ಬರೆಯುವಾಗ ಮಾತ್ರ ಸಿಗುತ್ತದೆ. ಭಾಗಶಃ ತಿದ್ದುವ `_update` ಹೊರಗಿನ ಆವೃತ್ತಿಯನ್ನು ಒಪ್ಪುವುದಿಲ್ಲ. ಕಾವಲು ಬೇಕೆಂದರೆ ಪ್ರತಿ ಸಂದೇಶದಲ್ಲೂ ಪೂರ್ತಿ ಸಾಲು ಬೇಕು.

ಆದ್ದರಿಂದ ಎರಡನೆಯ ದಾರಿ:

```sql
ALTER TABLE books REPLICA IDENTITY FULL;
```

ಇದಾದ ಮೇಲೆ ಪ್ರತಿ ಬದಲಾವಣೆಗೂ ಹಳೆಯ ಸಾಲು ಟೋಸ್ಟ್ ಸಮೇತ ವಾಲ್‌ಗೆ ಹೋಗುತ್ತದೆ. ಬೆಲೆಯೆಂದರೆ ವಾಲ್ ಬೇಗ ಉಬ್ಬುತ್ತದೆ. ಒಂದು ಪ್ರತಿ ಕಡಿಮೆಯಾಯಿತೆಂದು ಹೇಳಲು ಪೂರ್ತಿ ವಿವರಣೆ ಬರೆಯುವುದು ದುಂದುಗಾರಿಕೆಯೇ. ದಿನಕ್ಕೆ ನೂರು ಎರವಲಿನ ನಮ್ಮ ಗ್ರಂಥಾಲಯಕ್ಕೆ ಇದು ಲೆಕ್ಕಕ್ಕಿಲ್ಲ, ಸೆಕೆಂಡಿಗೆ ಸಾವಿರ ಬದಲಾವಣೆ ಕಾಣುವ ಕಡೆ ವಿವರಣೆಯನ್ನು ಬೇರೆ ಟೇಬಲ್‌ಗೆ ಸರಿಸುವುದೇ ಮೇಲು. ಡೆಬೀಜಿಯಂ ನಿಂತುಹೋದರೆ ಓದದೆ ಉಳಿದ ವಾಲ್ ಅನ್ನು ಪೋಸ್ಟ್‌ಗ್ರೆಸ್ ಡಿಸ್ಕಿನಲ್ಲಿ ಕೂಡಿಡುತ್ತಾ ಹೋಗುತ್ತದೆ. ಅದಕ್ಕೆಂದು `max_slot_wal_keep_size` ಅನ್ನು 4 ಜಿಬಿಗೆ ಕಟ್ಟಿದ್ದೇನೆ. ಈ ಮಿತಿ ಮೀರಿದರೆ ಡೆಬೀಜಿಯಂ ಎಲ್ಲಿಯವರೆಗೆ ಓದಿದೆ ಎಂಬುದನ್ನು ನೆನಪಿಡುವ ಸ್ಲಾಟ್ ಹಾಳಾಗುತ್ತದೆ, ಎಲ್ಲವನ್ನೂ ಮೊದಲಿನಿಂದ ಓದಿಸಬೇಕಾಗುತ್ತದೆ. ಡಿಸ್ಕ್ ತುಂಬಿ ಪೋಸ್ಟ್‌ಗ್ರೆಸ್ಸೇ ನಿಲ್ಲುವುದಕ್ಕಿಂತ ಅದು ವಾಸಿ.

ಪ್ರೋಗ್ರಾಮಿಗೂ ಒಂದು ತಡೆ ಹಾಕಿದೆ. ಗುರುತು ಮತ್ತೆ ಕಂಡರೆ ಅದು ಬರೆಯುವುದಿಲ್ಲ, ದೂರು ಹೇಳಿ ನಿಲ್ಲುತ್ತದೆ. ಅದು ನಿಂತರೆ ಸಂದೇಶಗಳು ಕಾಫ್ಕಾದಲ್ಲಿ ಕಾಯುತ್ತವೆ, ಪೋಸ್ಟ್‌ಗ್ರೆಸ್‌ನ ಡಿಸ್ಕಿಗೆ ಹೊರೆಯಿಲ್ಲ.

ಕೆಟ್ಟುಹೋದ 143ನ್ನು ಸರಿಪಡಿಸಲು, ವಿವರಣೆ 2,000 ಬೈಟ್ ಮೀರಿದ ಎಲ್ಲ 611 ಪುಸ್ತಕಗಳ `updated_at` ಅನ್ನು ಒಮ್ಮೆ ಬದಲಿಸಿದೆ. ಈಗ ಪೂರ್ತಿ ಸಾಲು ಬರುವುದರಿಂದ ಅಷ್ಟು ಸಾಕಾಯಿತು. ಹೊಸ ಎಲ್‌ಎಸ್‌ಎನ್ ದೊಡ್ಡದಾದ್ದರಿಂದ ಕಾವಲೂ ಅಡ್ಡಬರಲಿಲ್ಲ. ಐದು ನಿಮಿಷದಲ್ಲಿ ಆ ಗುರುತಿನ ಹುಡುಕಾಟಕ್ಕೆ ಸೊನ್ನೆ ಬಂತು.

ಮಾರನೆಯ ದಿನ ಕ್ಲಿಕ್‌ಹೌಸ್‌ನ ನಕ್ಷೆಯಲ್ಲಿ ದೊಡ್ಡದೊಂದು ಗೋಪುರ ಎದ್ದಿತ್ತು. ಆ ಕಡೆಗೆ ವಿವರಣೆಯನ್ನು ನಾನು ಒಯ್ಯುವುದೇ ಇಲ್ಲ, ಹಾಗಾಗಿ ಟೋಸ್ಟ್ ಅದಕ್ಕೆ ಸಂಬಂಧವಿಲ್ಲದ ವಿಷಯ. ಆದರೆ ಅಲ್ಲಿ ಸದ್ಯದ ಸ್ಥಿತಿಯ ಟೇಬಲ್ ಜೊತೆಗೆ, ಬಂದ ಬದಲಾವಣೆಗಳನ್ನೆಲ್ಲ ಕೂಡಿಡುವ ಇನ್ನೊಂದು ಟೇಬಲ್ ಇದೆ. "ದಿನದ ಚಟುವಟಿಕೆ" ಅದರಿಂದ ಹುಟ್ಟುತ್ತದೆ. ಸದ್ಯದ ಸ್ಥಿತಿಯ ಟೇಬಲ್ `ReplacingMergeTree`, `FINAL` ಹಾಕಿ ಕೇಳಿದರೆ ಪ್ರತಿ ಪುಸ್ತಕಕ್ಕೂ ಕೊನೆಯ ಸಾಲೊಂದನ್ನೇ ಕೊಡುತ್ತದೆ. ಅಲ್ಲಿ ಏನೂ ಆಗಿರಲಿಲ್ಲ. ಕೂಡಿಡುವ ಟೇಬಲ್ ಮಾತ್ರ ನನ್ನ 611 ರಿಪೇರಿಗಳನ್ನೂ ಓದುಗರ ಎರವಲೆಂದೇ ಎಣಿಸಿತ್ತು. ಅದೃಷ್ಟಕ್ಕೆ ಎಲ್ಲವನ್ನೂ ಒಂದೇ ವಹಿವಾಟಿನಲ್ಲಿ ಮಾಡಿದ್ದೆ. ಡೆಬೀಜಿಯಂ ಪ್ರತಿ ಸಂದೇಶದ `source` ಭಾಗದಲ್ಲಿ `txId` ಕೊಡುತ್ತದೆ, ನಾನೂ ಅದನ್ನು ಒಂದು ಅಂಕಣದಲ್ಲಿ ಉಳಿಸಿಕೊಂಡಿದ್ದೆ. ಆ ಒಂದು ಸಂಖ್ಯೆಯನ್ನು ಲೆಕ್ಕದಿಂದ ಹೊರಗಿಟ್ಟೆ, ಗೋಪುರ ಬಿತ್ತು.

ಉಳಿದ ಕೆಲಸ ಒಂದು. ಅಳಿಸಿದ ದಾಖಲೆಯ ಆವೃತ್ತಿಯನ್ನು ಎಲಾಸ್ಟಿಕ್‌ಸರ್ಚ್ ಸಾಮಾನ್ಯವಾಗಿ 60 ಸೆಕೆಂಡು ಮಾತ್ರ ನೆನಪಿಡುತ್ತದೆ. ಅದಾದ ಮೇಲೆ ಹಳೆಯ ಸಂದೇಶವೊಂದು ತಡವಾಗಿ ಬಂದರೆ ಕಿತ್ತುಹಾಕಿದ ಪುಸ್ತಕ ಮತ್ತೆ ಎದ್ದು ಕೂರುತ್ತದೆ. ಮುಂದಿನ ವಾರ ಒಂದು ಥ್ರೆಡ್ಡನ್ನು ಬೇಕೆಂದೇ ಎರಡು ನಿಮಿಷ ಮಲಗಿಸಿ, ಅದನ್ನು ಕಣ್ಣಾರೆ ನೋಡಬೇಕೆಂದಿದ್ದೇನೆ.