ಸಾಲ ತೀರುವವರೆಗೆ ಸರವೂ ಬೇಡ, ಫ್ಲ್ಯಾಟೂ ಬೇಡ

"ಮದುವೆಯಾಗಿ ಎರಡು ವರ್ಷವಾಯಿತು, ಇಬ್ಬರೂ ದುಡಿಯುತ್ತೀರಿ. ಒಂದು ಸರ ಮಾಡಿಸಿಕೊಂಡಿಲ್ಲ, ಫ್ಲ್ಯಾಟ್ ನೋಡಿಲ್ಲ. ಏನಮ್ಮಾ, ಯಾಕೆ?" ಎಂದು ಕೇಳುವವರಿಗೆ ನನ್ನ ಉತ್ತರವಿದು.

ನಮ್ಮಿಬ್ಬರ ಸಂಬಳ ಸೇರಿ ತಿಂಗಳಿಗೆ 95,000 ರೂಪಾಯಿ. ಮದುವೆಯ ಖರ್ಚಿಗೆ ತೆಗೆದ 4 ಲಕ್ಷದ ವೈಯಕ್ತಿಕ ಸಾಲಕ್ಕೆ ಶೇ. 14 ಬಡ್ಡಿಯಂತೆ ಮೂರು ವರ್ಷ ಕಟ್ಟಬೇಕಾದ ಕಂತು ಸುಮಾರು 13,700. ಇದಲ್ಲದೆ, ಮನೆಗೆ ಸಾಮಾನು ಹೊಂದಿಸುವಾಗ ಕ್ರೆಡಿಟ್ ಕಾರ್ಡಿನಲ್ಲಿ 1,60,000 ಬಾಕಿ ಬೆಳೆದಿತ್ತು. ನನ್ನ ಪತಿ ಪ್ರತಿ ತಿಂಗಳೂ ಬಿಲ್ಲಿನಲ್ಲಿ ಕಾಣುವ ಕನಿಷ್ಠ ಮೊತ್ತವಾದ 8,000ವನ್ನು ತಪ್ಪದೆ ಕಟ್ಟುತ್ತಿದ್ದರು, ಆದ್ದರಿಂದ ಸಾಲ ಕರಗುತ್ತಿದೆ ಎಂದೇ ನಾವು ನಂಬಿದ್ದೆವು. ಒಂದು ರಾತ್ರಿ ಬಿಲ್ಲನ್ನು ಸಾಲುಸಾಲಾಗಿ ಓದಿದಾಗ ತಿಂಗಳಿಗೆ ಶೇ. 3.5ರಂತೆ 5,600 ಬಡ್ಡಿ, ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಸೇರಿ 6,600 ಆಗುತ್ತಿರುವುದು ತಿಳಿಯಿತು. ಅಸಲಿಗೆ ಹೋಗುತ್ತಿದ್ದುದು ಬರೀ 1,400. ಹಳೆಯ ಬಾಕಿ ಉಳಿದಿರುವಾಗ ಹೊಸದಾಗಿ ಕೊಂಡ ಹಾಲು, ತರಕಾರಿಗೂ ಕೊಂಡ ದಿನದಿಂದಲೇ ಬಡ್ಡಿ ಬೀಳುತ್ತಿತ್ತು.

ಅದೇ ವಾರ ಅಕ್ಷಯ ತೃತೀಯಕ್ಕೆ ಸರ ಮಾಡಿಸಿಕೊಳ್ಳೆಂದು ಅತ್ತೆಯವರು ಒತ್ತಾಯಿಸಿದ್ದರು. "ಚಿನ್ನ ಕಷ್ಟಕ್ಕಾಗುತ್ತದಮ್ಮಾ" ಎಂಬ ಅವರ ಮಾತು ಸುಳ್ಳಲ್ಲ. ಆದರೆ 2 ಲಕ್ಷದ ಚಿನ್ನದ ಸರಕ್ಕೆ ಶೇ. 12 ಮಜೂರಿ ಮತ್ತು ಶೇ. 3 ಜಿಎಸ್‌ಟಿ ಸೇರಿ ಕೊಡಬೇಕಾಗುತ್ತಿದ್ದ ಸುಮಾರು 30,700 ರೂಪಾಯಿ, ಮುಂದೆ ಅದನ್ನು ಮಾರುವ ದಿನ ನಮ್ಮ ಕೈಗೆ ಮರಳುವುದಿಲ್ಲ. ಲೆಕ್ಕ ಬರೆದು ತೋರಿಸಿದ ಮೇಲೆ ಅತ್ತೆಯವರು ಮತ್ತೆ ಆ ವಿಷಯ ಎತ್ತಲಿಲ್ಲ.

ಫ್ಲ್ಯಾಟಿನ ವಿಚಾರದಲ್ಲಿ ಕಾರಣ ಇನ್ನೂ ಗಟ್ಟಿಯಾದುದು. ಕಂತುಗಳೆಲ್ಲ ಸೇರಿ ಆದಾಯದ ಅರ್ಧವನ್ನು, ಅಂದರೆ 47,500ವನ್ನು, ಮೀರಬಾರದೆಂದು ನಾವು ವಿಚಾರಿಸಿದ ಬ್ಯಾಂಕಿನವರು ಹೇಳಿದರು. ಅದರಲ್ಲಿ ಹಳೆಯ ಕಂತು ಮತ್ತು ಕಾರ್ಡಿನ ಕನಿಷ್ಠ ಮೊತ್ತವನ್ನು ಕಳೆದರೆ ಉಳಿಯುತ್ತಿದ್ದುದು ಸುಮಾರು 25,800. ಶೇ. 8.5 ಬಡ್ಡಿಯ 20 ವರ್ಷದ ಸಾಲಕ್ಕೆ ಲಕ್ಷಕ್ಕೆ 868 ರೂಪಾಯಿ ಕಂತಾಗುವುದರಿಂದ, ಅಂದು ನಮಗೆ 30 ಲಕ್ಷಕ್ಕಿಂತ ಹೆಚ್ಚು ಸಿಗುತ್ತಿರಲಿಲ್ಲ. ಎರಡೂ ಸಾಲ ತೀರಿದ ಮೇಲೆ ಇದೇ ಸಂಬಳಕ್ಕೆ 54 ಲಕ್ಷದವರೆಗೆ ಸಿಗುತ್ತದೆ.

ಹಾಗಾಗಿ ಕಾರ್ಡನ್ನು ಬೀರುವಿನಲ್ಲಿಟ್ಟು, ತಿಂಗಳಿಗೆ 40,000 ಅದಕ್ಕೇ ಕಟ್ಟಿದೆವು. ಮೊದಲ ತಿಂಗಳ ಕೊನೆಗೆ ಬಾಕಿ 1,26,600ಕ್ಕೆ ಇಳಿಯಿತು, ಐದನೆಯ ತಿಂಗಳು ಪೂರ್ತಿ ತೀರಿತು. ಅಲ್ಲಿಂದಾಚೆಗೆ ಅದೇ 40,000ವನ್ನು ಆಪತ್ತಿಗೆಂದು ಕೂಡಿಡುತ್ತಿದ್ದೇವೆ. ಏಕೆಂದರೆ ಕೈಯಲ್ಲಿ ಹಣವಿಲ್ಲದೆ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಮತ್ತೆ ಕಾರ್ಡೇ ಗತಿಯಾಗುತ್ತದೆ.

ವೈಯಕ್ತಿಕ ಸಾಲದಲ್ಲಿ ಈಗ ಹನ್ನೆರಡು ಕಂತು ಬಾಕಿಯಿವೆ. ಅಸಲು ಸುಮಾರು 1,52,000 ಇದ್ದು, ಈಗಲೇ ಮುಚ್ಚಿದರೆ 11,800 ಬಡ್ಡಿ ಉಳಿಯುತ್ತದೆಯಾದರೂ, ಅವಧಿಗೆ ಮುಂಚೆ ತೀರಿಸುವುದಕ್ಕೆ ಶೇ. 4 ಶುಲ್ಕ ಮತ್ತು ಅದರ ಮೇಲಿನ ತೆರಿಗೆ ಸೇರಿ 7,200 ಕೊಡಬೇಕು. ಉಳಿಯುವ 4,600ಕ್ಕಾಗಿ ಕೂಡಿಟ್ಟ ಹಣವನ್ನೆಲ್ಲ ಬರಿದು ಮಾಡಲು ಇಬ್ಬರಿಗೂ ಮನಸ್ಸಾಗಲಿಲ್ಲ. ಕಂತು ಅದರ ಪಾಡಿಗೆ ಮುಂದಿನ ವರ್ಷ ಮುಗಿಯಲಿ ಎಂದು ಬಿಟ್ಟಿದ್ದೇವೆ. ಫ್ಲ್ಯಾಟ್ ನೋಡಲು ಹೋಗುವುದು ಆಮೇಲೆಯೇ.