ಎ ಯಾವುದು, ಬಿ ಯಾವುದು

ಬೇರಿಂಗ್ ಹೌಸಿಂಗ್ ಒಂದರ ಡ್ರಾಯಿಂಗನ್ನು ಇಂದು ತಿದ್ದಿ ಮುಗಿಸಿದೆ. ಒಂದು ತುದಿಯಲ್ಲಿ ಬೇರಿಂಗ್ ಕೂರುವ 50 ಮಿ.ಮೀ. ವ್ಯಾಸದ ಬೋರ್, ಅಲ್ಲಿಂದ 60 ಮಿ.ಮೀ. ದೂರದ ಫ್ಲ್ಯಾಂಜಿನಲ್ಲಿ ನಾಲ್ಕು ಬೋಲ್ಟ್ ರಂಧ್ರಗಳು. ಬೇರಿಂಗೇ ಮುಖ್ಯವೆಂದು ಭಾವಿಸಿ ಬೋರನ್ನು ಮೊದಲ ಡೇಟಮ್ ಆಗಿ, ಅಂದರೆ ಉಳಿದ ಅಳತೆಗಳಿಗೆ ಮೊದಲ ಆಧಾರವಾಗಿ, ಎ ಎಂದು ಗುರುತಿಸಿದ್ದೆ. ಆದರೆ ತಪಾಸಣೆಯವರು ಒಂದೇ ಭಾಗವನ್ನು ಎರಡು ಬಾರಿ ಅಳೆದಾಗ ರಂಧ್ರಗಳ ಸ್ಥಾನ ಎರಡು ಬಗೆಯಾಗಿ ಬಂತು.

ಕಾರಣ ಬೋರಿನ ಆಳದಲ್ಲಿತ್ತು. ಅದು ಕೇವಲ 10 ಮಿ.ಮೀ.; ಅಷ್ಟು ಗಿಡ್ಡ ಬೋರಿನಿಂದ ಅಕ್ಷದ ದಿಕ್ಕನ್ನು ಹಿಡಿದರೆ, ಅಲ್ಲಿ 0.01 ಮಿ.ಮೀ. ವಾಲಿದ್ದು ಫ್ಲ್ಯಾಂಜಿನ ಬಳಿ ತಲುಪುವಾಗ 0.06 ಆಗಿಬಿಡುತ್ತದೆ. ಯಂತ್ರಕ್ಕೆ ಬಿಗಿಯುವಾಗ ಭಾಗವನ್ನು ನೇರವಾಗಿ ನಿಲ್ಲಿಸುವುದು ಫ್ಲ್ಯಾಂಜಿನ ಅಗಲವಾದ ಮುಖವೇ ಹೊರತು ಬೋರ್ ಅಲ್ಲ.

ಆದ್ದರಿಂದ ಆ ಮುಖವನ್ನು ಎ ಮಾಡಿ ಅದಕ್ಕೆ 0.05ರ ಸಮತಲತೆಯನ್ನು ಕೊಟ್ಟೆ. ಬೋರನ್ನು ಬಿ ಮಾಡಿ, ಎಗೆ ಲಂಬವಾಗಿರಬೇಕೆಂದು 0.03 ವ್ಯಾಸದ ಟಾಲರೆನ್ಸ್ ಬರೆದೆ. ರಂಧ್ರಗಳ ಸ್ಥಾನದ ಚೌಕಟ್ಟಿನಲ್ಲಿ 0.3 ಹಾಗೆಯೇ ಉಳಿಯಿತು. ಅದರ ಪಕ್ಕದ ಎರಡು ಅಕ್ಷರಗಳು ಸೂಚಿಸುವ ಮೇಲ್ಮೈಗಳಷ್ಟೇ ಅದಲುಬದಲಾದವು.