ಸ್ಪ್ರಿಂಗ್ ಎಲ್ಲಿಂದ ಬಂತು?

ಬೆಂಗಳೂರಿನಲ್ಲಿ ಕೂತು ಜಪಾನಿ ಪೇಟೆಂಟ್‌ಗಳನ್ನು ಇಂಗ್ಲಿಷಿಗೆ ತರುವುದು ನನ್ನ ಕೆಲಸ. ಅದರಲ್ಲಿ ಬೆವರಿಳಿಸುವುದು ಕ್ಲೇಮ್‌ಗಳು, ಅಂದರೆ ಯಾವುದರ ಮೇಲೆ ಹಕ್ಕು ಬೇಕು ಅಂತ ಹೇಳುವ ಭಾಗ. ಪುಟ ತುಂಬಿದರೂ ಒಂದು ಕ್ಲೇಮ್ ಅಂದರೆ ಒಂದೇ ವಾಕ್ಯ.

ನಮ್ಮವರಿಗೆ ಆ ವಾಕ್ಯದ ಜಾಡು ಬೇಗ ಸಿಗುತ್ತದೆ. ಕನ್ನಡದ ಹಾಗೆ ಅಲ್ಲೂ 'ಇಂಥದ್ದೆಲ್ಲ ಇರುವ ಪಾತ್ರೆ' ಅಂತ ಮುಖ್ಯ ಹೆಸರು ಕೊನೆಗೆ ಬರುತ್ತದೆ. ಹಾಗಾಗಿ ನಾನು ಕೊನೆಯ ಪದ ಮೊದಲು ಓದುತ್ತೇನೆ. ಅದನ್ನು ಇಂಗ್ಲಿಷಿನಲ್ಲಿ ತಲೆಗೆ ಹಾಕಿ, ಭಾಗಗಳನ್ನು ಕೆಳಗೆ ಸಾಲಿಗೊಂದರಂತೆ ಇಳಿಸುತ್ತೇನೆ.

ತೊಂದರೆಯೂ ನಮ್ಮದೇ. 'ತೂತಿರುವ ಡಬ್ಬಿ ಮತ್ತು ಮುಚ್ಚಳ' ಅಂದರೆ ತೂತು ಯಾವುದರದ್ದು? ಡಬ್ಬಿಯದ್ದಾ, ಎರಡರದ್ದೂನಾ? ಇಂಗ್ಲಿಷಿನಲ್ಲಿ ಬರೆಯುವಾಗ ಹೆಚ್ಚಾಗಿ ಒಂದು ಕಡೆ ವಾಲಲೇಬೇಕು. ಆಗ ಚಿತ್ರದಲ್ಲಿ ಪ್ರತಿ ಭಾಗಕ್ಕೂ ಕೊಟ್ಟ ಅಂಕಿಗಳು ಕೈ ಹಿಡಿಯುತ್ತವೆ. ಡಬ್ಬಿ 10, ಮುಚ್ಚಳ 20, ತೂತು 11 ಅಂತಿದ್ದರೆ ತೂತು ಡಬ್ಬಿಯ ಮನೆಯದ್ದೇ ಇರಬೇಕು. ಆದರೂ ಚಿತ್ರ ನೋಡದೆ ನಂಬುವುದಿಲ್ಲ. ಜಪಾನಿ ಕ್ಲೇಮ್‌ಗಳಲ್ಲಿ ಎಷ್ಟೋ ಸಲ ಅಂಕಿಗಳೇ ಇರುವುದಿಲ್ಲ. ಆಗ ವಿವರಣೆಯ ಭಾಗಕ್ಕೆ ಹೋಗಿ ಹುಡುಕಬೇಕು.

ನಾನು ಎಡವಿದ್ದು ಬೇರೆ ಕಡೆ. ಒಂದು ಪಾತ್ರೆಯ ಪೇಟೆಂಟ್‌ನಲ್ಲಿ ಕ್ಲೇಮ್ 4 ಹೀಗಿತ್ತು: 'ಕ್ಲೇಮ್ 1ರಿಂದ 3ರಲ್ಲಿ ಯಾವುದಾದರೂ ಒಂದರಲ್ಲಿ ಹೇಳಿದ ಪಾತ್ರೆ, ಇದರಲ್ಲಿ ಸದರಿ ಸ್ಪ್ರಿಂಗ್ ಸುರುಳಿಯಾಗಿರುತ್ತದೆ.' 'ಸದರಿ' ಅಂದರೆ ಜಪಾನಿಯ 'ಜೆನ್ಕಿ', ಮೊದಲೇ ಹೇಳಿದ್ದು ಅಂತ. ಹಿಂದೆ ತಿರುಗಿ ನೋಡಿದರೆ ಸ್ಪ್ರಿಂಗ್ ಬಂದಿದ್ದು ಕ್ಲೇಮ್ 3ರಲ್ಲಿ ಮಾತ್ರ. 1, 2ರಲ್ಲಿ ಸುಳಿವೇ ಇಲ್ಲ. ಬರೆದವರು ಎಡವಿದ್ದಾರೆ ಅಂದುಕೊಂಡು ನಾನು ಸುಮ್ನೆ 'ಕ್ಲೇಮ್ 3ರಲ್ಲಿ ಹೇಳಿದ ಪಾತ್ರೆ' ಅಂತ ತಿದ್ದಿ ಕಳಿಸಿದೆ. ಜಾಣತನ ಮಾಡಿದೆ ಅನ್ನೋ ಖುಷಿ ಬೇರೆ.

ಮಾರನೇ ದಿನ ತಪಾಸಣೆ ಮಾಡುವ ಹಿರಿಯರು ಫೋನ್ ಮಾಡಿದರು. "ಮೇಡಂ, ಸ್ಪ್ರಿಂಗ್ ತಪ್ಪು ಅವರದ್ದು, ಸರಿ. ತಿದ್ದೋಕೆ ನಿಮಗೆ ಹೇಳಿದ್ಯಾರು?"

ಆಮೇಲೆ ಬಿಡಿಸಿ ಹೇಳಿದರು. ನನ್ನ ತಿದ್ದುಪಡಿಯಿಂದ ಕ್ಲೇಮ್ 4 ಬರೀ 3ಕ್ಕೆ ಜೋತುಬಿದ್ದಿತ್ತು. ಅಂದರೆ 3ರ ಷರತ್ತುಗಳೆಲ್ಲ ಅದಕ್ಕೂ ಅಂಟುತ್ತವೆ. ಆದರೆ ವಕೀಲರು ಬೇರೆ ದಾರಿ ಹಿಡಿಯಬಹುದಿತ್ತು: 'ಸದರಿ ಸ್ಪ್ರಿಂಗ್' ಬದಲು 'ಒಂದು ಸ್ಪ್ರಿಂಗ್' ಅಂತ ಮಾಡಿ, 1 ಮತ್ತು 2ರ ಜೊತೆಗಿನ ನಂಟನ್ನೂ ಉಳಿಸಿಕೊಳ್ಳುವುದು. ಯಾವ ದಾರಿ ಅನ್ನೋದು ಅವರ ತೀರ್ಮಾನ. ನಾನು ಗೊತ್ತಿಲ್ಲದೆ ಅದನ್ನು ಮಾಡಿಬಿಟ್ಟಿದ್ದೆ. ಅದೂ ಯಾರಿಗೂ ಕಾಣದ ಹಾಗೆ.

ಮೂಲದಲ್ಲಿ ಇದ್ದಂತೆಯೇ 'ಯಾವುದಾದರೂ ಒಂದು' ವಾಪಸ್ ಹಾಕಿದೆ, 'ಸದರಿ'ಯನ್ನೂ ಹಾಗೇ ಉಳಿಸಿದೆ. ಪಕ್ಕದಲ್ಲಿ ಟಿಪ್ಪಣಿ ಬರೆದೆ: ಈ ಸ್ಪ್ರಿಂಗ್ 1, 2ರಲ್ಲಿ ಇಲ್ಲ, ನೋಡಿ. ಈಗ ಪ್ರತಿ ಕ್ಲೇಮ್ ಸೆಟ್‌ಗೂ ಮೊದಲೇ ಒಂದು ಹಾಳೆಯಲ್ಲಿ ಯಾವುದು ಯಾವುದಕ್ಕೆ ಜೋತುಬಿದ್ದಿದೆ ಅಂತ ಬಾಣ ಎಳೆದಿಟ್ಟುಕೊಳ್ಳುತ್ತೇನೆ. 'ಸದರಿ' ಬಂದಾಗಲೆಲ್ಲ ಎಲ್ಲಾ ಬಾಣಗಳ ಹಿಂದೆಯೂ ಹೋಗಿ ಆ ಭಾಗ ಸಿಗುತ್ತಾ ನೋಡುತ್ತೇನೆ. ಒಂದೇ ಒಂದು ದಾರಿಯಲ್ಲಿ ಸಿಗದಿದ್ದರೂ ಟಿಪ್ಪಣಿ ಹೋಗುತ್ತದೆ.